ಮುಂಗೈ ಮೇಲಿನ ಬಾವು

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಎಷ್ಟೋ ಜನ ದುಡಿಯಲು ಹೊರಗೆ ಹೋಗುತ್ತಾರೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಕಟ್ಟಡದ ಕೆಲಸಕ್ಕೆ ಪುಣೆ, ಗೋವಾಕ್ಕೆ ಹೋಗುತ್ತಾರೆ. ಹಾಗೆ ಹೋಗಿ ಬಂದ ಒಂದು ಮನೆಯನ್ನು ನಾವು ಈಗ ನೆನೆಸಿಕೊಳ್ಳೋಣ.

ಆ ಮನೆಯಲ್ಲಿ ಆರು ಜನ. ಮಾವ, ಅತ್ತೆ, ಮಗ, ಸೊಸೆ, 7 ವರ್ಷದ ಮಗಳು, 3 ವರ್ಷದ ಮಗ. ಮಾವನಿಗೆ ಎರಡು ತಿಂಗಳಿಂದ ಕೆಮ್ಮು. ಸಂಜೆಗೆ ಜ್ವರ. ಮೈ ಇಳಿದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು. ಟಿ.ಬಿ. ಇದೆ ಎಂದು ಗೊತ್ತಾಯಿತು. ಅವತ್ತೇ ಗುಳಿಗೆ ಶುರುವಾಯಿತು.

ಮಾರನೇ ವಾರ ಆಶಾ ಅಕ್ಕ ಮನೆಗೆ ಬಂದಳು.

“ಮಾವಗ ಗುಳಿಗಿ ಕೊಟ್ಟಾರಲ್ಲ, ಮತ್ತ ನಮ್ಮನ್ಯಾಕ ಕೇಳ್ತೀಯವ್ವಾ?” ಎಂದಳು ಅತ್ತೆ.

“ಎರಡು ತಿಂಗಳು ಒಂದ ಮನ್ಯಾಗ ಮಲಗೀರಿ, ಯವ್ವಾ. ಅವರು ಕೆಮ್ಮಿದ ಗಾಳೀನ ನೀವೂ ಕುಡದೀರಿ,” ಎಂದಳು ಆಶಾ ಅಕ್ಕ.

ಅವಳ ಮಾತು ನಿಜ. ಟಿ.ಬಿ. ಗಾಳಿಯಿಂದ ಹರಡುತ್ತದೆ. ತಾಟು, ತಂಬಿಗೆ, ಬಟ್ಟೆಯಿಂದ ಹರಡುವುದಿಲ್ಲ. ರೋಗಿ ಕೆಮ್ಮಿದಾಗ ರೋಗಾಣು ಗಾಳಿಗೆ ಸೇರುತ್ತವೆ. ಕಿಟಕಿ ಇಲ್ಲದ ಮನೆಯಲ್ಲಿ ಆ ಗಾಳಿ ಅಲ್ಲೇ ನಿಲ್ಲುತ್ತದೆ.

ಮೊದಲು ನಾಲ್ಕು ಪ್ರಶ್ನೆ

ಆಶಾ ಅಕ್ಕ ಎಲ್ಲರಿಗೂ ನಾಲ್ಕು ಪ್ರಶ್ನೆ ಕೇಳಿದಳು. ಕೆಮ್ಮು ಇದೆಯೇ? ಜ್ವರ ಬರುತ್ತದೆಯೇ? ತೂಕ ಇಳಿದಿದೆಯೇ? ರಾತ್ರಿ ಬೆವರು ಬರುತ್ತದೆಯೇ?

ಮಗನಿಗೆ ಹದಿನೈದು ದಿನದಿಂದ ಕೆಮ್ಮು ಇತ್ತು. “ಬೀಡಿ ಕೆಮ್ಮು ಬಿಡ್ರಿ,” ಎಂದ. ಆಶಾ ಅಕ್ಕ ಬಿಡಲಿಲ್ಲ. ಅವನ ಕಫ ತಪಾಸಣೆ ಮಾಡಿಸಿದಳು. ಅವನಿಗೂ ಟಿ.ಬಿ. ಇತ್ತು. ಅವನಿಗೂ ಪೂರ್ತಿ ಚಿಕಿತ್ಸೆ ಶುರುವಾಯಿತು.

ಈ ಪ್ರಶ್ನೆಗಳನ್ನು ಮೊದಲೇ ಕೇಳುವುದು ಏಕೆ? ರೋಗ ಬಂದವರಿಗೆ ಹಲವು ಔಷಧಿ ಒಟ್ಟಿಗೆ ಬೇಕು. ರೋಗ ತಡೆಯುವ ಗುಳಿಗೆಯಲ್ಲಿ ಔಷಧಿ ಕಡಿಮೆ. ಅದನ್ನೇ ರೋಗಿಗೆ ಕೊಟ್ಟರೆ ರೋಗ ಹೋಗುವುದಿಲ್ಲ. ರೋಗಾಣು ಆ ಔಷಧಿಗೆ ಬಗ್ಗದೆ ಗಟ್ಟಿಯಾಗುತ್ತವೆ. ಆದ್ದರಿಂದ ರೋಗ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ತಡೆಯುವ ಗುಳಿಗೆ.

ಸೂಜಿ ಪರೀಕ್ಷೆ

ಅತ್ತೆಗೆ, ಸೊಸೆಗೆ, ಮಗಳಿಗೆ ಏನೂ ತೊಂದರೆ ಇರಲಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಅವರ ಮುಂಗೈಗೆ ಸಣ್ಣ ಸೂಜಿ ಚುಚ್ಚಿದರು. ಇದು ಮಾಂಟೂ ಪರೀಕ್ಷೆ. ಔಷಧಿ ಚರ್ಮದ ಪದರದೊಳಗೇ ಸ್ವಲ್ಪ ಹೋಗುತ್ತದೆ.

“ಇವತ್ತು ಸೋಮವಾರ. ಬುಧವಾರ ಇಲ್ಲಾ ಗುರುವಾರ ಬರ್ರಿ. ತಡಾ ಮಾಡಬ್ಯಾಡ್ರಿ. ಕೆರ್ಕೋಬ್ಯಾಡ್ರಿ,” ಎಂದರು ಸಿಸ್ಟರ್.

48 ರಿಂದ 72 ಗಂಟೆಯ ಒಳಗೆ ಕೈ ನೋಡಬೇಕು. ಅದಕ್ಕಿಂತ ತಡವಾದರೆ ಪರೀಕ್ಷೆ ವ್ಯರ್ಥ. ಬುಧವಾರ ಸಿಸ್ಟರ್ ಬೆರಳಿನಿಂದ ಮುಟ್ಟಿ ನೋಡಿದರು. ಕೆಂಪು ಬಣ್ಣವನ್ನು ಅವರು ಅಳೆಯಲಿಲ್ಲ. ಗಟ್ಟಿಯಾಗಿ ಉಬ್ಬಿದ ಬಾವನ್ನು ಮಾತ್ರ ಪಟ್ಟಿ ಇಟ್ಟು ಅಳೆದರು. ಸೊಸೆಯದು 12 ಮಿಲಿಮೀಟರ್. ಅತ್ತೆಯದು 14. ಮಗಳ ಕೈಯಲ್ಲಿ ಬಾವು ಇರಲಿಲ್ಲ. ಮಾಂಟೂ ಪರೀಕ್ಷೆಯಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಪಾಸಿಟಿವ್ ಎನ್ನುತ್ತಾರೆ.

ಸೊಸೆಯ ಕಣ್ಣಲ್ಲಿ ನೀರು ಬಂತು. “ನನಗೂ ಟಿ.ಬಿ. ಬಂತೇನ್ರಿ? ನನ್ನ ತವರಮನಿಗಿ ಕಳಸ್ತಾರ,” ಎಂದಳು.

“ಇಲ್ಲ ತಂಗಿ. ಬಾವು ಬಂದ್ರ ರೋಗ ಬಂತಂತಲ್ಲ. ರೋಗಾಣು ಮೈಯಾಗ ಸೇರ್ಯಾವು. ಆದ್ರ ಮಲಗ್ಯಾವು. ನಿನ್ನಿಂದ ಯಾರಿಗೂ ಹತ್ತಂಗಿಲ್ಲ,” ಎಂದರು ಸಿಸ್ಟರ್.

ನಾವು ಇದನ್ನು ಚೆನ್ನಾಗಿ ತಿಳಿಯಬೇಕು. ಬೂದಿ ಮುಚ್ಚಿದ ಕೆಂಡ ಇರುತ್ತದಲ್ಲ, ಹಾಗೆ. ಕೆಂಡ ಇದೆ, ಉರಿ ಇಲ್ಲ. ಹೀಗೆ ರೋಗಾಣು ಸೇರಿದ 100 ಜನರಲ್ಲಿ 5 ರಿಂದ 10 ಜನಕ್ಕೆ ಮುಂದೆ ಎಂದಾದರೂ ರೋಗ ಏಳುತ್ತದೆ. ಮೊದಲ ಎರಡು ವರ್ಷದಲ್ಲಿ ಭಯ ಹೆಚ್ಚು. ಮೈಯಲ್ಲಿ ಶಕ್ತಿ ಕುಂದಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಕೆಂಡ ಇರುವಾಗಲೇ ನೀರು ಹಾಕುವುದು ತಡೆಯುವ ಗುಳಿಗೆಯ ಕೆಲಸ.

ಬಾವು ಇಲ್ಲದಿದ್ದರೆ ಪೂರ್ತಿ ನಿಶ್ಚಿಂತೆಯೇ? ಅಲ್ಲ. ರೋಗಾಣು ಸೇರಿ ಸುಮಾರು 2 ರಿಂದ 8 ವಾರದ ತನಕ ಬಾವು ಬಾರದೇ ಇರಬಹುದು. ಅದಕ್ಕೆ ಮಗಳ ಮೇಲೆ ಕಣ್ಣಿಡಲು ಹೇಳಿದರು. ಇನ್ನೊಂದು ಮಾತು. ಹುಟ್ಟಿದಾಗ ಹಾಕಿದ ಬಿ.ಸಿ.ಜಿ. ಸೂಜಿಯಿಂದಲೂ ಕೆಲವರಿಗೆ ಬಾವು ಬರುತ್ತದೆ. ಆದ್ದರಿಂದ ಬಾವನ್ನು ಮಾತ್ರ ನೋಡಿ ತೀರ್ಮಾನ ಮಾಡುವುದಿಲ್ಲ. ಅತ್ತೆ, ಸೊಸೆ ಇಬ್ಬರ ಎದೆಯ ಎಕ್ಸ್-ರೇ ತೆಗೆದರು. ಎದೆ ಚೊಕ್ಕ ಇತ್ತು.

ಸಣ್ಣ ಮಗು

3 ವರ್ಷದ ಮಗನಿಗೆ ಸೂಜಿ ಪರೀಕ್ಷೆ ಮಾಡಲಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಟಿ.ಬಿ. ಬೇಗ ಏಳುತ್ತದೆ. ಅದು ಮೆದುಳಿಗೂ ಏರಬಹುದು. ಅದಕ್ಕೆ ರೋಗ ಇಲ್ಲ ಎಂದು ನೋಡಿ, ನೇರವಾಗಿ ಗುಳಿಗೆ ಕೊಡುತ್ತಾರೆ. ಈ ಮಗುವಿಗೆ ಐಸೋನಿಯಾಜಿಡ್ ಎಂಬ ಗುಳಿಗೆ, ದಿನಾ ಒಂದು ಸಲ, 6 ತಿಂಗಳು. ಮಗುವಿನ ತೂಕ ನೋಡಿ ಅಳತೆ ಹೇಳುತ್ತಾರೆ. “ಹುಡುಗ ಆಡ್ಕೊಂತ ಅದಾನ, ಗುಳಿಗಿ ಯಾಕ?” ಎಂದು ನಡುವೆ ನಿಲ್ಲಿಸಬಾರದು. ಆಡುವ ಮಗುವಿಗಾಗಿಯೇ ಈ ಗುಳಿಗೆ ಇದೆ.

ಹನ್ನೆರಡು ಸೋಮವಾರ

ಅತ್ತೆ, ಸೊಸೆಗೆ ವಾರಕ್ಕೊಮ್ಮೆಯ ಗುಳಿಗೆ ಬರೆದರು. ಒಟ್ಟು 12 ವಾರ. ಇದರಲ್ಲಿ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ಎರಡೂ ಇವೆ. ಮಾವನ ರೋಗ ಔಷಧಿಗೆ ಬಗ್ಗದ ಟಿ.ಬಿ. ಆಗಿದ್ದರೆ ಗುಳಿಗೆ ಬೇರೆ ಇರುತ್ತಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಇವು ಪುಕ್ಕಟೆ.

ಸೊಸೆ ಸೋಮವಾರ ಆರಿಸಿಕೊಂಡಳು. ಬಸವಣ್ಣನ ಗುಡಿಗೆ ಹೋಗುವ ದಿನ, ಮರೆಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರ ಒಂದು ಗೆರೆ ಎಳೆದಳು.

ಮೊದಲ ಗುಳಿಗೆ ನುಂಗಿದ ದಿನ ಮೂತ್ರ ಕೇಸರಿ ಬಣ್ಣ ಆಯಿತು. ಹೆದರಿದಳು. ಅದು ಔಷಧಿಯ ಬಣ್ಣ, ರಕ್ತ ಅಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಊಟ ಸೇರದಿದ್ದರೆ, ಪಾದ ಜುಮ್ಮೆಂದರೆ ಗುಳಿಗೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಲಿವರಿಗೆ ಇಲ್ಲವೇ ನರಕ್ಕೆ ತೊಂದರೆ ಆಗಿರಬಹುದು. ಸೆರೆ ಕುಡಿಯುವವರಿಗೆ ಈ ಅಪಾಯ ಹೆಚ್ಚು.

ಹೆಂಗಸರು ಇನ್ನೊಂದು ಹೇಳಬೇಕು. ಮಕ್ಕಳಾಗದಂತೆ ಗುಳಿಗೆ ನುಂಗುತ್ತಿದ್ದರೆ ಸಿಸ್ಟರಿಗೆ ತಿಳಿಸಿ. ವಾರದ ಗುಳಿಗೆ ಅದರ ಬಲ ಕಡಿಮೆ ಮಾಡುತ್ತದೆ. ಬಸುರಿಯಾಗಿದ್ದರೂ ಮೊದಲೇ ಹೇಳಿ. ಬಸುರಿಯರಿಗೆ ವಾರದ ಗುಳಿಗೆ ಕೊಡುವುದಿಲ್ಲ.

ಮಾವನನ್ನು ಹೊರಗಿಡಬೇಕೇ?

ಅತ್ತೆಗೆ ಈ ಚಿಂತೆ ಇತ್ತು. ಇದಕ್ಕೆ ಹಳೆಯ ಉತ್ತರ ಇದೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಕೆಲವು ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿ, ಕೆಲವರಿಗೆ ಮನೆಯಲ್ಲೇ ಔಷಧಿ ಕೊಟ್ಟರು. ಮನೆಯಲ್ಲಿದ್ದ ರೋಗಿಗಳಿಂದ ಮನೆಯವರಿಗೆ ಹೆಚ್ಚು ರೋಗ ಬರಲಿಲ್ಲ. ಹೆಚ್ಚು ಹರಡುವುದು ಔಷಧಿ ಶುರುವಾಗುವ ಮೊದಲು. ಸರಿಯಾಗಿ ಗುಳಿಗೆ ನುಂಗಿದರೆ ಕೆಲವು ವಾರದಲ್ಲಿ ಹರಡುವುದು ನಿಲ್ಲುತ್ತದೆ. ಅಲ್ಲಿಯವರೆಗೆ ಮಾವ, ಮಗ ಇಬ್ಬರೂ ಬಾಯಿಗೆ ಬಟ್ಟೆ ಹಿಡಿದು ಕೆಮ್ಮಿದರು. ಅಂಗಳದ ಪಡಸಾಲೆಯಲ್ಲಿ ಮಲಗಿದರು. ಊಟ ಎಲ್ಲರ ಜೊತೆ, ಅದೇ ರೊಟ್ಟಿ, ಅದೇ ತಾಟು.

ಹನ್ನೆರಡನೇ ಸೋಮವಾರ ಸೊಸೆ ಕೊನೆಯ ಗೆರೆ ಎಳೆದಳು. ಮುಂಗೈ ಬಾವು ಎಂದೋ ಇಳಿದಿತ್ತು. ಮಗನ ಗುಳಿಗೆ ಇನ್ನೂ ಮೂರು ತಿಂಗಳು ಬಾಕಿ ಇತ್ತು. ಕ್ಯಾಲೆಂಡರನ್ನು ಅವಳು ಗೋಡೆಯಿಂದ ತೆಗೆಯಲಿಲ್ಲ.

ಹೇಳಿರಿ ನೋಡೋಣ

1. ಸೂಜಿ ಚುಚ್ಚಿದ ಮೇಲೆ ಎಷ್ಟು ಗಂಟೆಯೊಳಗೆ ಕೈ ತೋರಿಸಬೇಕು?
2. ಬಾವು ಬಂದವರಿಗೆ ರೋಗ ಇದೆ ಎಂದೇ ಅರ್ಥವೇ?
3. 3 ವರ್ಷದ ಮಗುವಿಗೆ ಸೂಜಿ ಪರೀಕ್ಷೆ ಇಲ್ಲದೆ ಗುಳಿಗೆ ಕೊಟ್ಟದ್ದು ಏಕೆ?
4. ಕೆಮ್ಮು ಇದ್ದ ಮಗನಿಗೆ ತಡೆಯುವ ಗುಳಿಗೆ ಏಕೆ ಕೊಡಲಿಲ್ಲ?