ಮೀನು ಹಿಡಿತದ ಮಾದರಿ: ಕವಲು ಬಿಂದು (ಬೈಫರ್ಕೇಶನ್)

ಸಮೀಕರಣ: dP/dt = 0.4P(1 − P/1000) − C
P ಎಂದರೆ ಕೆರೆಯ ಮೀನುಗಳ ಸಂಖ್ಯೆ, C ಎಂದರೆ ವರ್ಷಕ್ಕೆ ಹಿಡಿಯುವ ಮೀನು. ಬದಲಾಗುವ ನಿಯತಾಂಕ C ಒಂದೇ.

1. ಸಮತೋಲನ ಬೇಕಾದರೆ dP/dt = 0 ಎಂದು ಬಿಡಿಸಿ. C = 75 ಆದಾಗ P² − 1000P + 187500 = 0; ಉತ್ತರ 750 ಮತ್ತು 250.

2. 750 ಸ್ಥಿರ, 250 ಅಸ್ಥಿರ. 250ಕ್ಕಿಂತ ಕೆಳಗಿಳಿದ ಮೀನು ಸಂತತಿ ಅಳಿಯುತ್ತದೆ.

3. C ಹೆಚ್ಚಿದಂತೆ ಎರಡೂ ಬಿಂದುಗಳು ಹತ್ತಿರವಾಗಿ, C = 100ರಲ್ಲಿ P = 500 ಎಂಬಲ್ಲಿ ಕೂಡಿಕೊಳ್ಳುತ್ತವೆ. ಇದೇ ಕವಲು ಬಿಂದು; ಇದರ ಬಗೆ ಸ್ಯಾಡಲ್-ನೋಡ್. ಸೂತ್ರ: C = kN/4 (ಇಲ್ಲಿ k = 0.4, N = 1000).

4. C = 101 ಆದರೆ ಸಮತೋಲನವೇ ಇಲ್ಲ. ಆದರೂ 500ರ ಬಳಿ ಇಳಿಕೆ ವರ್ಷಕ್ಕೆ ಸುಮಾರು 1 ಮೀನು ಮಾತ್ರ. ನೋಡುವವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಮೋಸ ಇರುವುದೇ ಇಲ್ಲಿ. ಸಂಖ್ಯೆ 240ಕ್ಕೆ ಇಳಿದ ಮೇಲೆ C ಅನ್ನು ಮತ್ತೆ 75ಕ್ಕೆ ತಂದರೂ ಮೀನು ಚೇತರಿಸಿಕೊಳ್ಳದು.

ಗೊಂದಲ ಬೇಡ: C ಬದಲು EP ಕಳೆದರೆ (ಇದ್ದುದರಲ್ಲಿ ಇಂತಿಷ್ಟು ಪಾಲು) ದಿಢೀರ್ ಕುಸಿತವಿಲ್ಲ. E = 0.4 ತಲಪುವವರೆಗೆ ಸ್ಥಿರ ಸಮತೋಲನ ಮೆಲ್ಲಗೆ ಸೊನ್ನೆಗಿಳಿಯುತ್ತದೆ. ಅದರ ಬಗೆ ಟ್ರಾನ್ಸ್‌ಕ್ರಿಟಿಕಲ್, ಸ್ಯಾಡಲ್-ನೋಡ್ ಅಲ್ಲ.