ಖಿನ್ನತೆ ನಿವಾರಕಗಳ ಹೋಲಿಕೆ: ಶ್ರೇಯಾಂಕಕ್ಕೆ ಮೊದಲು ನೋಡಬೇಕಾದ್ದು

ಎರಡು ಔಷಧಗಳನ್ನು ನೇರವಾಗಿ ಹೋಲಿಸಿದ ಪ್ರಯೋಗ ಇಲ್ಲದಿದ್ದರೂ, ಎರಡನ್ನೂ ಹುಸಿಮಾತ್ರೆಯೊಂದಿಗೆ ಹೋಲಿಸಿದ ಪ್ರಯೋಗಗಳಿದ್ದರೆ ಅವುಗಳ ನಡುವಿನ ಅಂತರವನ್ನು ಅಂದಾಜು ಮಾಡಬಹುದು. ಹೀಗೆ ನೇರ ಮತ್ತು ಪರೋಕ್ಷ ಹೋಲಿಕೆಗಳನ್ನು ಒಟ್ಟುಗೂಡಿಸುವುದೇ ನೆಟ್‌ವರ್ಕ್ ಮೆಟಾ ಅನಾಲಿಸಿಸ್. 2018ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಚಿಪ್ರಿಯಾನಿ ತಂಡದ ವಿಶ್ಲೇಷಣೆ 522 ಪ್ರಯೋಗಗಳಿಂದ 21 ಔಷಧಗಳನ್ನು ಹೋಲಿಸಿತು.

ಪರೋಕ್ಷ ಹೋಲಿಕೆ ನಿಂತಿರುವುದು ಟ್ರಾನ್ಸಿಟಿವಿಟಿ ಎಂಬ ಊಹೆಯ ಮೇಲೆ. ಒಂದು ಔಷಧದ ಪ್ರಯೋಗಗಳಲ್ಲಿ ತೀವ್ರ ಖಿನ್ನತೆಯ ಒಳರೋಗಿಗಳೇ ಇದ್ದು, ಇನ್ನೊಂದರಲ್ಲಿ ಸೌಮ್ಯ ಲಕ್ಷಣದ ಹೊರರೋಗಿಗಳೇ ಇದ್ದರೆ, ಕಾಣುವ ಅಂತರ ಔಷಧದ್ದೋ ರೋಗಿಗಳದ್ದೋ ಹೇಳಲಾಗದು.

ಪರಿಶೀಲನೆಯ ಮೊದಲ ಹೆಜ್ಜೆ, ಫಲಿತಾಂಶ ನೋಡುವ ಮೊದಲೇ ಪಟ್ಟಿ ಬರೆಯುವುದು: ಆರಂಭದ ತೀವ್ರತೆ, ವಯಸ್ಸು, ಡೋಸ್, ಪ್ರಯೋಗದ ವರ್ಷ, ಹುಸಿಮಾತ್ರೆ ಸಿಗುವ ಸಂಭವ. ಚೇತರಿಕೆಯನ್ನು ಮಾತ್ರ ಪ್ರಭಾವಿಸುವ ಅಂಶ ಇಲ್ಲಿ ಮುಖ್ಯವಲ್ಲ. ಔಷಧಗಳ ನಡುವಿನ ಅಂತರವನ್ನೇ ಹಿಗ್ಗಿಸುವ, ಕುಗ್ಗಿಸುವ ಅಂಶ ಬೇಕು. ಎರಡನೆಯದು, ಪ್ರತಿ ಹೋಲಿಕೆಗೂ ಈ ಅಂಶಗಳ ಕೋಷ್ಟಕ ಮಾಡಿ ಅಕ್ಕಪಕ್ಕ ಇಟ್ಟು ನೋಡುವುದು. ಮೂರನೆಯದು ಒಂದು ಪ್ರಶ್ನೆ: ಈ ರೋಗಿಗಳಲ್ಲಿ ಯಾರನ್ನೇ ಆಗಲಿ, ಪಟ್ಟಿಯ ಯಾವ ಔಷಧಕ್ಕಾದರೂ ಚೀಟಿ ಎತ್ತಿ ಸೇರಿಸಬಹುದಿತ್ತೇ? ಹಿಂದಿನ ಔಷಧಕ್ಕೆ ಜಗ್ಗದವರ ಪ್ರಯೋಗಗಳು ಬೆರೆತಿದ್ದರೆ ಉತ್ತರ ‘ಇಲ್ಲ’ ಎಂದಾಗುತ್ತದೆ.

ಹೆಚ್ಚು ಜನ ಎಡವುವುದು ಇದರ ನಂತರ. ನೇರ ಮತ್ತು ಪರೋಕ್ಷ ಅಂದಾಜುಗಳನ್ನು ಹೋಲಿಸುವ ಅಸಂಗತತೆ ಪರೀಕ್ಷೆಯಲ್ಲಿ p ಮೌಲ್ಯ 0.05ಕ್ಕಿಂತ ಹೆಚ್ಚು ಬಂದರೆ ‘ಟ್ರಾನ್ಸಿಟಿವಿಟಿ ಇದೆ’ ಎಂದು ಬರೆದು ಮುಗಿಸುತ್ತಾರೆ. ಅದು ತಪ್ಪು. ಒಂದು ಹೋಲಿಕೆಗೆ ಎರಡು ಮೂರು ಪ್ರಯೋಗಗಳಷ್ಟೇ ಇದ್ದರೆ ದೊಡ್ಡ ವ್ಯತ್ಯಾಸವೂ ಪರೀಕ್ಷೆಯ ಕಣ್ಣಿಗೆ ಬೀಳದು. ಹುಸಿಮಾತ್ರೆಯ ಮೂಲಕ ಮಾತ್ರ ಜಾಲಕ್ಕೆ ಸೇರಿದ ಔಷಧವನ್ನು ಇತರ ಔಷಧಗಳೊಂದಿಗೆ ಹೋಲಿಸಲು ನೇರ ಸಾಕ್ಷ್ಯವೇ ಇಲ್ಲ. ಅಲ್ಲಿ ಪರೀಕ್ಷೆ ನಡೆಯುವುದೇ ಇಲ್ಲ. ಆದ್ದರಿಂದ ಕೋಷ್ಟಕವೇ ಮುಖ್ಯ ಸಾಕ್ಷಿ, ಪರೀಕ್ಷೆ ಪೂರಕ. ಕೋಷ್ಟಕದಲ್ಲಿ ಅಸಮತೋಲ ಕಂಡರೆ ಮೆಟಾ ರಿಗ್ರೆಶನ್ ಮಾಡಬೇಕು, ಇಲ್ಲವೇ ಆ ಪ್ರಯೋಗಗಳನ್ನು ಬಿಟ್ಟು ಮತ್ತೆ ಲೆಕ್ಕ ಹಾಕಬೇಕು.

ಇನ್ನು ಶ್ರೇಯಾಂಕ. SUCRA ಅಂಕ ಸರಾಸರಿ ಸ್ಥಾನವನ್ನು ಹೇಳುತ್ತದೆ, ಪರಿಣಾಮದ ಗಾತ್ರವನ್ನಲ್ಲ. 2018ರ ವಿಶ್ಲೇಷಣೆಯಲ್ಲಿ ಹುಸಿಮಾತ್ರೆಗೆ ಹೋಲಿಸಿದರೆ ಸ್ಪಂದನೆಯ ಆಡ್ಸ್ ಅನುಪಾತ ಅಮಿಟ್ರಿಪ್ಟಿಲಿನ್‌ಗೆ 2.13, ಕೊನೆಯ ರೆಬಾಕ್ಸೆಟಿನ್‌ಗೆ 1.37. ಹುಸಿಮಾತ್ರೆ ಪಡೆದ 100 ಜನರಲ್ಲಿ 35 ಮಂದಿ ಸ್ಪಂದಿಸುತ್ತಾರೆ ಎಂದುಕೊಂಡರೆ, ಇವು ಕ್ರಮವಾಗಿ ಸುಮಾರು 53 ಮತ್ತು 42 ಮಂದಿ ಎಂದಾಗುತ್ತದೆ. ನಡುವಿನ ಔಷಧಗಳ ಅಂತರ ಇದಕ್ಕಿಂತ ಚಿಕ್ಕದು, ಅವುಗಳ ಅನಿಶ್ಚಿತತೆಯ ವ್ಯಾಪ್ತಿಗಳು ಬಹುತೇಕ ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ‘ಮೊದಲ ಸ್ಥಾನ’ ಎಂದು ಬರೆಯದೆ, ಜೋಡಿ ಅಂತರ, ಅದರ ವ್ಯಾಪ್ತಿ, ಸಾಕ್ಷ್ಯದ ಖಚಿತತೆ, ಔಷಧ ಬಿಟ್ಟುಹೋದವರ ಪ್ರಮಾಣ ಇವನ್ನು ಒಟ್ಟಿಗೆ ಕೊಡಬೇಕು. ಈ ಫಲಿತಾಂಶ ಸುಮಾರು 8 ವಾರಗಳದ್ದು ಎಂಬುದೂ ಅದೇ ಸಾಲಿನಲ್ಲಿರಬೇಕು.