ಥೈರಾಯ್ಡ್ ಸೋತರೆ ಆಸೆಯೂ ಸೋಲುತ್ತದೆ

ಮೊದಲು ನೋಡಿದ ಡಾಕ್ಟರು ‘ಟೆನ್ಷನ್’ ಅಂದು ಸಿಲ್ಡೆನಾಫಿಲ್ ಬರೆದುಕೊಟ್ಟರು. ಅದು ರಕ್ತದ ಹರಿವಿಗೆ ನೆರವಾಗುತ್ತದೆ, ಬಯಕೆ ಹುಟ್ಟಿಸುವುದಿಲ್ಲ. ಬೇಕೆನಿಸಿಯೂ ಆಗದಿರುವುದು ಒಂದು ತೊಂದರೆ, ಬೇಕೆಂದೇ ಅನಿಸದಿರುವುದು ಇನ್ನೊಂದು. ನನ್ನದು ಎರಡನೆಯದು. ವಯಸ್ಸು ನಲವತ್ತೊಂದು.

ಹಾರ್ಮೋನ್ ತಜ್ಞರು ಹಾಸಿಗೆಯ ವಿಷಯಕ್ಕೇ ಬರಲಿಲ್ಲ. ‘ಮಲಬದ್ಧತೆ ಇದೆಯಾ? ಬೇರೆಯವರು ಬೆವರುವಾಗ ನಿಮಗೆ ಚಳಿಯಾ?’ ಎಂದು ಕೇಳಿದರು. ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ಆದರೆ ಸ್ವಸ್ಥಾನಕ್ಕೆ ಮರಳುವಾಗ ಮುದಿ ಎತ್ತಿನ ಹಾಗೆ ನಿಧಾನ. ‘ಥೈರಾಯ್ಡ್ ನೋಡೋಣ’ ಎಂದರು.

ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು ಆಮೇಲೆ ಇಳಿಯುವುದರಿಂದ ಆ ಹೊತ್ತು ಮುಖ್ಯ. ನಾಲ್ಕರ ಆಸುಪಾಸಿನೊಳಗೆ ಇರಬೇಕಾದ ಟಿಎಸ್‌ಎಚ್ 68 ಇತ್ತು. ಗಂಡಸರಲ್ಲಿ ಸುಮಾರು 20 ದಾಟಬಾರದ ಪ್ರೊಲ್ಯಾಕ್ಟಿನ್ 39. ಟೆಸ್ಟೋಸ್ಟೆರಾನ್ ಕಡಿಮೆ.

ಈ ಮೂರೂ ಒಂದೇ ಸರಪಳಿ. ಥೈರಾಯ್ಡ್ ಗ್ರಂಥಿ ಸೋತಾಗ ಅದನ್ನು ಎಬ್ಬಿಸಲು ಮಿದುಳು ಟಿಆರ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಅದು ಪಿಟ್ಯುಟರಿಯಿಂದ ಟಿಎಸ್‌ಎಚ್ ಜೊತೆಗೆ ಪ್ರೊಲ್ಯಾಕ್ಟಿನ್ನನ್ನೂ ಹೊರಡಿಸುತ್ತದೆ. ಏರಿದ ಪ್ರೊಲ್ಯಾಕ್ಟಿನ್, ವೃಷಣಗಳಿಗೆ ಹೋಗಬೇಕಾದ ಸಂಕೇತವನ್ನು ಮಿದುಳಲ್ಲೇ ಅದುಮಿಡುತ್ತದೆ. ಆಸೆ ಬತ್ತುವುದು ಹೀಗೆ.

ನೆಂಟರೊಬ್ಬರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೋ ಎಂದರು. ಮೂಲ ಬಿಟ್ಟು ಅದನ್ನು ಹಾಕಿದರೆ ವೀರ್ಯಾಣು ಉತ್ಪತ್ತಿ ಕುಗ್ಗುತ್ತದೆ ಎಂದು ಡಾಕ್ಟರು ಬೇಡವೆಂದರು. ಎಂಆರ್‌ಐ ಕೂಡ ಬರೆಯಲಿಲ್ಲ. ಥೈರಾಯ್ಡ್ ತೀರಾ ಸೋತಾಗ ಪಿಟ್ಯುಟರಿಯೇ ಊದಿಕೊಂಡು ಗಡ್ಡೆಯಂತೆ ಕಾಣುವುದುಂಟು. ಮಾತ್ರೆ ಕೊಟ್ಟರೆ ತಾನೇ ಕುಗ್ಗುತ್ತದೆ. ತಲೆನೋವು ಬಿಡದಿದ್ದರೆ, ಪಕ್ಕದ ನೋಟ ಮಸುಕಾದರೆ, ಪ್ರೊಲ್ಯಾಕ್ಟಿನ್ 200 ದಾಟಿದರೆ ಮಾತು ಬೇರೆ. ಆಗ ಪ್ರೊಲ್ಯಾಕ್ಟಿನ್ ಸುರಿಸುವ ಗಡ್ಡೆಯ ಶಂಕೆ ಬರುತ್ತದೆ, ಸ್ಕ್ಯಾನ್ ಬೇಕೇ ಬೇಕು. ಅದಕ್ಕೂ ಬಹುಪಾಲು ಕ್ಯಾಬರ್ಗೋಲಿನ್ ಮಾತ್ರೆ ಸಾಕಾಗುತ್ತದೆ, ಆಪರೇಷನ್ ಅಪರೂಪ.

ಲೆವೊಥೈರಾಕ್ಸಿನ್ ಶುರುವಾಯಿತು: ಎದ್ದ ಕೂಡಲೇ ನೀರಿನೊಂದಿಗೆ, ಕಾಫಿಗೆ ಅರ್ಧ ಗಂಟೆ ಮೊದಲು. ಎರಡು ತಿಂಗಳಿಗೆ ಟಿಎಸ್‌ಎಚ್ ಬಹಳ ಇಳಿಯಿತು, ಪ್ರೊಲ್ಯಾಕ್ಟಿನ್ ಮಿತಿಗೆ ಬಂತು. ಆಸೆ ಅಷ್ಟು ಬೇಗ ಬರಲಿಲ್ಲ. ಅದು ಚಿಗುರಿದ್ದು ಇನ್ನೂ ಕೆಲವು ತಿಂಗಳ ಮೇಲೆ, ಟೆಸ್ಟೋಸ್ಟೆರಾನ್ ಏರಿದ ನಂತರ.

ಆದರೆ ಲೆಕ್ಕ ಪೂರ್ತಿ ಥೈರಾಯ್ಡಿನದೇ ಎನ್ನಲಾರೆ. ಅದೇ ಹೊತ್ತಿಗೆ ಡಾಕ್ಟರು ನನ್ನ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಬದಲಿಸಿದ್ದರು. ಹಳೆಯದರಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇತ್ತು. ಅದಾಗಲಿ ಲೆವೊಸಲ್ಪಿರೈಡ್ ಆಗಲಿ ತಾವೇ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇವು ಕೇಳಿದ ತಕ್ಷಣ ಸಿಗುತ್ತವೆ. ಈಗ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ. ಪ್ಯಾಂಟೊಪ್ರಜೋಲ್ ಒಂದೇ ಇದ್ದರೆ ಕೊಳ್ಳುತ್ತೇನೆ, ಜೊತೆಗೆ ಇನ್ನೊಂದು ಹೆಸರಿದ್ದರೆ ವಾಪಸ್ ಕೊಡುತ್ತೇನೆ.